ಸಬ್‌ಟೈಟಲ್ ಯಾವ ಭಾಷೆಯದಿರಲಿ?

ಮೊಳಕಾಲ್ಮುರಿನಿಂದ ಚಳ್ಳಕೆರೆಯ ಕಾಲೇಜಿಗೆ ಹೋಗುವ ನೀವು, ಕನ್ನಡ ಸಬ್‌ಟೈಟಲ್ ತೆಗೆದರೆ ಇಂಗ್ಲಿಷ್ ಸಿನಿಮಾ ತಿಳಿಯುವುದೇ ಇಲ್ಲ ಎಂದು ಬರೆದಿದ್ದೀರಿ. ಕನ್ನಡದ ಸಾಲು ಕತೆ ಹೇಳಿಬಿಡುತ್ತದೆ, ಕಿವಿಗೆ ಕೆಲಸವೇ ಉಳಿಯುವುದಿಲ್ಲ. ನಿಮ್ಮ ಕಡೆಯವರಿಗೆ ತೆಲುಗು ಸಿನಿಮಾ ಹಾಗೇ ಅರ್ಥವಾಗುವುದು ಆ ಮಾತು ಗಡಿಯಲ್ಲಿ ದಿನವೂ ಕಿವಿಗೆ ಬೀಳುವುದರಿಂದ. 2009ರಲ್ಲಿ ಪ್ರಕಟವಾದ ಡಚ್ಚರ ಮೇಲಿನ ಪ್ರಯೋಗವೊಂದರಲ್ಲಿ, ಅಪರಿಚಿತ ಧಾಟಿಯ ಇಂಗ್ಲಿಷಿಗೆ ಕಿವಿ ಹೊಂದಿಕೊಳ್ಳಲು ಇಂಗ್ಲಿಷ್ ಸಬ್‌ಟೈಟಲ್ ನೆರವಾಯಿತು; ಹೊಸ ಮಾತು ಕೇಳುವಾಗ ಡಚ್ ಸಬ್‌ಟೈಟಲ್ ಅಡ್ಡಿಯಾಯಿತು.

ಎರಡು ನಿಮಿಷದ ಸಂಭಾಷಣೆಯೊಂದನ್ನು ಮೊದಲು ಸಬ್‌ಟೈಟಲ್ ಇಲ್ಲದೆ ಕೇಳಿ, ಕೇಳಿಸಿದ್ದನ್ನು ಬರೆಯಿರಿ. ಆಮೇಲೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿ ತಾಳೆ ನೋಡಿ. ‘ಡಿಜು’ ಎಂದು ಕೇಳಿಸಿದ್ದು ‘ಡಿಡ್ ಯು’ ಆಗಿದ್ದರೆ, ಪದ ಗೊತ್ತಿತ್ತು, ತಪ್ಪಿದ್ದು ಕಿವಿ. ಆಗ ಸಬ್‌ಟೈಟಲ್ ತೆಗೆದು, ಪದಗಳು ಬಿಡಿಬಿಡಿಯಾಗಿ ಕೇಳಿಸುವತನಕ ಆ ಸಾಲನ್ನೇ ಕೇಳಿ. ಪದವೇ ಗೊತ್ತಿಲ್ಲದಿದ್ದರೆ ಒಮ್ಮೆ ಕನ್ನಡ ನೋಡಿ. ಸಾಲುಸಾಲಿಗೂ ಹೊಸ ಪದ ಎದುರಾದರೆ ಆ ಸಿನಿಮಾ ಸದ್ಯಕ್ಕೆ ಬೇಡ, ಸುಲಭದ್ದು ಆರಿಸಿ.

ತಪ್ಪಿಹೋಗುವವೆಲ್ಲ ಗೊತ್ತಿರುವ ಪದಗಳೇ ಆದಾಗ ಸಬ್‌ಟೈಟಲ್ ಪೂರ್ತಿ ತೆಗೆದು ನೋಡಿ. ಯಂತ್ರವೇ ಬರೆಯುವ ಸಬ್‌ಟೈಟಲ್ ಇಟ್ಟುಕೊಂಡು ಮಾತ್ರ ತಾಳೆ ನೋಡಬೇಡಿ. ಹೆಸರುಗಳಲ್ಲೂ ವೇಗದ ಮಾತಿನಲ್ಲೂ ಅದು ಎಡವುತ್ತದೆ.