ಕಂತು ಖಾತೆಯಿಂದಲೇ ಕಡಿತವಾಗುವಾಗ: 206 ರೂಪಾಯಿ ಕಲಿಸುವ ಪಾಠ



ಈಗ ಹೊಲಿಗೆ ಮಿಷನ್, ಹಸು, ಗಾಡಿ ಯಾವುದಕ್ಕೆ ಸಾಲ ಪಡೆದರೂ ಕಂತು ನಮ್ಮ ಖಾತೆಯಿಂದ ತಾನಾಗಿ ಕಡಿತವಾಗಲು ಒಪ್ಪಿಗೆ ಕೇಳುತ್ತಾರೆ. ಇದನ್ನು ಮ್ಯಾಂಡೇಟ್ ಅಂತಾರೆ. ಪಾಸ್‌ಬುಕ್ಕಿನಲ್ಲಿ ಎ.ಸಿ.ಎಚ್. ಅಥವಾ ಎನ್.ಎ.ಸಿ.ಎಚ್. ಎಂಬ ಇಂಗ್ಲಿಷ್ ಅಕ್ಷರಗಳು ಕಂಡರೆ ಅದು ಸಾಮಾನ್ಯವಾಗಿ ಇದೇ ವ್ಯವಸ್ಥೆಯ ಕಡಿತ.

ಸಹಿ ಹಾಕುವ ಮೊದಲು ನಾವು ಮೂರು ವಿಷಯ ಓದಿಸಿಕೊಳ್ಳೋಣ. ಮೊದಲನೆಯದು ಮೊತ್ತ. ಫಾರಂನಲ್ಲಿ ‘ಗರಿಷ್ಠ ಮೊತ್ತ’ ಎಂದಿದ್ದರೆ ಅಷ್ಟರವರೆಗೂ ಕಡಿತ ಮಾಡಲು ನಾವು ಒಪ್ಪಿದಂತೆ. ಅದು ಕಂತಿಗಿಂತ ತುಂಬಾ ಹೆಚ್ಚಿದ್ದರೆ ಯಾಕೆಂದು ಕೇಳಬೇಕು. ಎರಡನೆಯದು ಕಡಿತದ ದಿನಾಂಕ ಮತ್ತು ಕೊನೆಯ ತಿಂಗಳು. ಮೂರನೆಯದು ಸಹಿ. ಬ್ಯಾಂಕಿನಲ್ಲಿ ಕನ್ನಡದಲ್ಲಿ ಸಹಿ ಹಾಕಿದ್ದರೆ ಇಲ್ಲಿಯೂ ಕನ್ನಡದಲ್ಲೇ ಹಾಕಬೇಕು, ಇಲ್ಲವಾದರೆ ಮ್ಯಾಂಡೇಟ್ ತಿರಸ್ಕಾರವಾಗುತ್ತದೆ. ಫಾರಂನ ಒಂದು ಪ್ರತಿ ನಮ್ಮ ಹತ್ತಿರ ಇರಲಿ.

ಯಾವ ಖಾತೆಯನ್ನು ಕೊಡುತ್ತೇವೆ ಎಂಬುದೂ ಮುಖ್ಯ. ಗೃಹಲಕ್ಷ್ಮಿಯಂಥ ಸರ್ಕಾರದ ಹಣ ಆಧಾರ್ ಜೋಡಣೆಯಾದ ಖಾತೆಗೆ ಬರುತ್ತದೆ. ಕಂತು ಬೇರೆ ಬ್ಯಾಂಕಿನ ಖಾತೆಯಿಂದ ಹೋಗುವುದಾದರೆ, ಒಂದು ಪಾಸ್‌ಬುಕ್ಕಿನಲ್ಲಿ ದುಡ್ಡಿದ್ದರೂ ಇನ್ನೊಂದರಲ್ಲಿ ಕಂತು ಬೌನ್ಸ್ ಆಗುತ್ತದೆ. ಆ ಹಣ ಇಂಥ ದಿನವೇ ಬರುತ್ತದೆ ಅನ್ನೋ ಹಾಗಿಲ್ಲ. ಆದ್ದರಿಂದ ಅದನ್ನು ನಂಬಿ ಕಂತಿನ ದಿನ ಕಾಯಬಾರದು.

ಈಗ ಒಂದು ಲೆಕ್ಕ ನೋಡೋಣ. ಒಬ್ಬ ಸದಸ್ಯೆಯ ಕಂತು 2,350 ರೂ., ದಿನಾಂಕ ಜೂನ್ 5. ಮೇ 20ಕ್ಕೆ ಖಾತೆಯಲ್ಲಿ 2,600 ರೂ. ಇದೆ. ಸಾಕು ಅಂತ ಆಕೆ ಸುಮ್ಮನಿದ್ದಾರೆ. ಆದರೆ ಮೇ ಕೊನೆಗೆ ಜೀವನ್ ಜ್ಯೋತಿ ವಿಮೆಗೆ 436 ರೂ., ಸುರಕ್ಷಾ ವಿಮೆಗೆ 20 ರೂ., ಒಟ್ಟು 456 ರೂ. ಕಡಿತವಾಗುತ್ತದೆ. ಉಳಿಯುವುದು 2,144 ರೂ. ಕಂತಿಗೆ ಕಡಿಮೆ ಬಿದ್ದದ್ದು ಬರೀ 206 ರೂ. ಆದರೆ ಈ ವ್ಯವಸ್ಥೆಯಲ್ಲಿ ಇದ್ದಷ್ಟು ತೆಗೆದುಕೊಳ್ಳುವುದಿಲ್ಲ. ಪೂರ್ತಿ ಕಂತು ಇಲ್ಲದಿದ್ದರೆ ಬೌನ್ಸ್.

ಬೌನ್ಸ್ ಆದರೆ ಶುಲ್ಕ ಎರಡು ಕಡೆ. ಶುಲ್ಕ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಆಕೆಯ ಬ್ಯಾಂಕ್ 250 ರೂ. ಮತ್ತು ಜಿ.ಎಸ್.ಟಿ. 45 ರೂ. ಸೇರಿ 295 ರೂ. ತೆಗೆಯುತ್ತದೆ ಎಂದಿಟ್ಟುಕೊಳ್ಳೋಣ. ಸಾಲ ಕೊಟ್ಟ ಸಂಸ್ಥೆಯದು 300 ರೂ. ಹೀಗೆ 206 ರೂ. ಕೊರತೆಗೆ 595 ರೂ. ದಂಡ.

ಹೆಚ್ಚಿನವರು ಎಡವುವುದು ಇಲ್ಲಿಂದ ಮುಂದೆ. ಸಂಸ್ಥೆ ಕೆಲವು ದಿನ ಬಿಟ್ಟು ಅದೇ ಕಂತನ್ನು ಮತ್ತೆ ಬ್ಯಾಂಕಿಗೆ ಕಳುಹಿಸಬಹುದು. ಆಕೆ ಕೊರತೆಯ 206 ರೂ. ಮಾತ್ರ ಕಟ್ಟಿದರೆ ಸಾಲದು. ಬ್ಯಾಂಕ್ ಆಗಲೇ 295 ತೆಗೆದಿರುವುದರಿಂದ ಖಾತೆಯಲ್ಲಿರುವುದು 1,849 ರೂ. 206 ಸೇರಿದರೂ 2,055 ಮಾತ್ರ. ಮತ್ತೆ ಬೌನ್ಸ್, ಮತ್ತೆ ಶುಲ್ಕ! ಆಕೆ ಕಟ್ಟಬೇಕಾದದ್ದು 501 ರೂ. ಅದಕ್ಕೇ ಬೌನ್ಸ್ ಆದ ಕೂಡಲೇ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಉಳಿದದ್ದು ಎಷ್ಟೆಂದು ನೋಡಿ ಕಟ್ಟಬೇಕು. ನೇರವಾಗಿ ಸಂಸ್ಥೆಯಲ್ಲೇ ಕಂತು ಕಟ್ಟುವುದಾದರೆ ರಸೀದಿ ಪಡೆದು, “ಈ ಕಂತನ್ನು ಮತ್ತೆ ಬ್ಯಾಂಕಿಗೆ ಕಳುಹಿಸಬೇಡಿ” ಎಂದು ಬರೆದುಕೊಡಬೇಕು. ಇಲ್ಲದಿದ್ದರೆ ಎರಡು ಸಲ ಕಡಿತವಾಗಬಹುದು.

ದಿನಾಂಕದ ಬಗ್ಗೆ ಒಂದು ಮಾತು. 2021ರ ಆಗಸ್ಟ್ 1ರಿಂದ ಈ ವ್ಯವಸ್ಥೆ ಭಾನುವಾರ, ಹಬ್ಬದ ರಜೆಯಲ್ಲೂ ನಡೆಯುತ್ತದೆ. 5ನೇ ತಾರೀಕು ಭಾನುವಾರ ಬಂದರೆ ‘ಸೋಮವಾರ ಕಟ್ಟಿದರಾಯ್ತು’ ಅನ್ನುವಂತಿಲ್ಲ. ಕಡಿತ ಬೆಳಗ್ಗೆಯೇ ಆಗಬಹುದು, ಆದ್ದರಿಂದ ಎರಡು ದಿನ ಮೊದಲೇ ಹಣ ಖಾತೆಯಲ್ಲಿರಲಿ. ಹಾಲಿನ ಬಿಲ್ಲು ಅಥವಾ ಸಂಬಳ 10ಕ್ಕೆ ಬರುವುದಾದರೆ, ಸಾಲ ಪಡೆಯುವಾಗಲೇ ಕಂತಿನ ದಿನ 13 ಅಥವಾ 15 ಆಗಲಿ ಎಂದು ಕೇಳಿ ನೋಡಬೇಕು.

ಶುಲ್ಕ ಸರಿಯೋ ತಪ್ಪೋ ತಿಳಿಯುವುದು ಹೇಗೆ? ವರ್ಷಕ್ಕೆ 3 ಲಕ್ಷ ರೂ.ವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮವಿದೆ. ಸಾಲದ ವಿವರ ಪತ್ರದಲ್ಲಿ ಬರೆಯದ ಯಾವ ಶುಲ್ಕವನ್ನೂ ಸಂಸ್ಥೆ ಕೇಳುವಂತಿಲ್ಲ. ತಡವಾದದ್ದಕ್ಕೆ ದಂಡ ಹಾಕಿದರೆ ಬಾಕಿ ಬಿದ್ದ ಮೊತ್ತಕ್ಕೆ ಮಾತ್ರ ಹಾಕಬೇಕು, ಪೂರ್ತಿ ಸಾಲಕ್ಕಲ್ಲ. ಆ ಪತ್ರ ನಮಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು.

ಮುಂದಿನ ಸಭೆಗೆ ಪಾಸ್‌ಬುಕ್ ಮತ್ತು ಸಾಲದ ವಿವರ ಪತ್ರ ಎರಡನ್ನೂ ತನ್ನಿ. ಪ್ರತಿಯೊಬ್ಬರ ಕಂತಿನ ದಿನ, ಮೊತ್ತ, ಖಾತೆಯ ಬ್ಯಾಂಕ್, ಮೇ ತಿಂಗಳ ವಿಮೆ ಕಡಿತ ಇವಿಷ್ಟನ್ನು ಸಂಘದ ಪುಸ್ತಕದ ಒಂದು ಪುಟದಲ್ಲಿ ಬರೆದಿಡೋಣ. ಸಾಲ ತೀರಿದ ದಿನ ಬಾಕಿಯಿಲ್ಲವೆಂಬ ಪತ್ರದ ಜೊತೆಗೆ ಮ್ಯಾಂಡೇಟ್ ರದ್ದು ಮಾಡಿಸುವುದನ್ನೂ ಅದೇ ಪುಟದಲ್ಲಿ ಗುರುತು ಹಾಕೋಣ.