ಸಂದಿ ನೋಡಿ ಸಾಧನ ಹಿಡಿ

ಪುಟ್ಟೀ, ಹೋದ ವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಕೊಟ್ಟದ್ದು ಅರ್ಧ ಉತ್ತರ. "ದೊಡ್ಡಮ್ಮ, ನೀರು ಚಿಮ್ಮಿಸೋ ಮಷೀನು ತಗೊಂಡಿದೀನಿ, ಇನ್ನು ಆ ದಾರ ಎಳೆಯೋ ಕೆಲಸ ಬಿಡಬಹುದಲ್ವಾ?" ಅಂದೆ. ಬಿಡಬೇಡ ಅಂದೆ. ಯಾಕೆ ಅಂತ ಹೇಳುವಷ್ಟರಲ್ಲಿ ನಿನ್ನ ಮೆಟ್ರೋ ಬಂತು. ಉಳಿದರ್ಧವನ್ನು ಈಗ ಬರೆಯುತ್ತಿದ್ದೇನೆ. ಮೂವತ್ತೈದು ವರ್ಷ ಶಿವಮೊಗ್ಗದಲ್ಲಿ ಊರವರ ಬಾಯಿ ನೋಡಿದವಳು ನಾನು. ಚೆನ್ನಾಗಿ ಬ್ರಷ್ ಮಾಡುವವರ ಹಲ್ಲು ಕೂಡ ಹಾಳಾಗುವುದು ಹೆಚ್ಚಾಗಿ ಎರಡು ಹಲ್ಲಿನ ನಡುವೆಯೇ. ಹೊರಗಡೆ ಹೊಳೆಯುತ್ತಿರುತ್ತದೆ, ಸಂದಿಯಲ್ಲಿ ಹುಳುಕು ಕೂತಿರುತ್ತದೆ.

ಮೊದಲು ಸಂದಿ ಅಂದರೆ ಏನೆಂದು ತಿಳಿದುಕೋ. ಅಕ್ಕಪಕ್ಕದ ಎರಡು ಹಲ್ಲು ಮೇಲ್ಭಾಗದಲ್ಲಿ ಒಂದನ್ನೊಂದು ಮುಟ್ಟಿಕೊಂಡಿರುತ್ತವೆ. ಆ ಮುಟ್ಟುವ ಜಾಗದ ಕೆಳಗೆ ಒಂದು ತ್ರಿಕೋನ. ನಿನ್ನ ವಯಸ್ಸಿನಲ್ಲಿ ಒಸಡು ಆರೋಗ್ಯವಾಗಿದ್ದರೆ ಆ ತ್ರಿಕೋನವನ್ನು ಒಸಡಿನ ಚೂಪಾದ ತುದಿ ಪೂರ್ತಿ ತುಂಬಿಕೊಂಡಿರುತ್ತದೆ. ವಯಸ್ಸಾಗಿ, ಇಲ್ಲವೇ ಒಸಡಿನ ಕಾಯಿಲೆಯಿಂದ ಮೂಳೆ ಕರಗಿ, ಆ ತುದಿ ಕೆಳಗಿಳಿದರೆ ತ್ರಿಕೋನ ಖಾಲಿಯಾಗಿ ಕಿಂಡಿಯಾಗುತ್ತದೆ. ಯಾವ ಸಾಧನ ಹಿಡಿಯಬೇಕು ಎನ್ನುವುದನ್ನು ತೀರ್ಮಾನಿಸುವುದು ಈ ತ್ರಿಕೋನ ತುಂಬಿದೆಯೋ ಖಾಲಿಯೋ ಎನ್ನುವುದೇ. ಅದು ಬಾಯಿಗೊಂದರಂತಲ್ಲ, ಸಂದಿಗೊಂದರಂತೆ ಬದಲಾಗುತ್ತದೆ.

ಇನ್ನೊಂದು ಮಾತು. ಸಂದಿಯಲ್ಲಿ ಸಿಕ್ಕುವ ಮಾವಿನ ನಾರು, ಅಡಿಕೆ ಚೂರು, ಮಾಂಸದ ಎಳೆ ನಮಗೆ ಕಾಟ ಕೊಡುತ್ತವೆ, ಅದಕ್ಕೇ ಗಮನವೆಲ್ಲ ಅದರ ಮೇಲೆ. ಆದರೆ ಹಲ್ಲನ್ನೂ ಒಸಡನ್ನೂ ಕೆಡಿಸುವುದು ಕಣ್ಣಿಗೆ ಕಾಣದಷ್ಟು ತೆಳ್ಳಗೆ ಹಲ್ಲಿಗೆ ಅಂಟಿಕೊಳ್ಳುವ ಪದರ. ನಾವು ಅದನ್ನು ಪ್ಲಾಕ್ ಅನ್ನುತ್ತೇವೆ, ಬ್ಯಾಕ್ಟೀರಿಯಾಗಳು ಕಟ್ಟಿಕೊಂಡ ಮನೆ ಅದು. ಬಿಂದಿಗೆಯ ಒಳಗೆ ಕಟ್ಟಿದ ಲೋಳೆ ನೆನಪಿದೆಯಾ? ನೀರು ಹಾಕಿ ಕುಲುಕಿದರೆ ಹೋಗುವುದಿಲ್ಲ, ಕೈ ಹಾಕಿ ಉಜ್ಜಬೇಕು. ಇದೂ ಹಾಗೇ. ನಿನ್ನ ಮಷೀನಿನ ವಿಚಾರಕ್ಕೆ ಬಂದಾಗ ಇದು ಬೇಕಾಗುತ್ತದೆ.

ನಿನ್ನ ಬಾಯಿಯಿಂದಲೇ ಶುರುಮಾಡುತ್ತೇನೆ. ಕೆಳಗಿನ ಮುಂದಿನ ಹಲ್ಲುಗಳು ಒತ್ತೊತ್ತಾಗಿವೆ, ಒಸಡು ತುಂಬಿಕೊಂಡಿದೆ. ಅಲ್ಲಿಗೆ ಹೋಗುವುದು ದಾರ ಒಂದೇ. ಮೊಳದಷ್ಟು, ಸುಮಾರು 45 ಸೆಂಟಿಮೀಟರ್ ಫ್ಲಾಸ್ ಕತ್ತರಿಸಿಕೋ. ಎರಡೂ ಕೈಯ ನಡುಬೆರಳಿಗೆ ಸುತ್ತಿ, ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಅಂಗುಲದಷ್ಟು ಮಾತ್ರ ಬಿಗಿಯಾಗಿ ಹಿಡಿ. ಹಲ್ಲು ಮುಟ್ಟುವ ಜಾಗ ದಾಟಿಸುವಾಗ ಗರಗಸದಂತೆ ಹಿಂದೆ ಮುಂದೆ ಮೆಲ್ಲಗೆ ಆಡಿಸು, ಟಪ್ಪನೆ ಒಳಗೆ ಒತ್ತಬೇಡ. ಹಾಗೆ ಒತ್ತಿದರೆ ದಾರ ಒಸಡನ್ನು ಕೊಯ್ಯುತ್ತದೆ, ಮರುದಿನ ನೋವೆಂದು ಜನ ಫ್ಲಾಸನ್ನೇ ಬಿಟ್ಟುಬಿಡುತ್ತಾರೆ. ಒಳಗೆ ಹೋದ ಮೇಲೆ ಗರಗಸದ ಆಟ ನಿಲ್ಲಬೇಕು. ದಾರವನ್ನು ಒಂದು ಹಲ್ಲಿನ ಬದಿಗೆ ಅರ್ಧಚಂದ್ರದಂತೆ ಬಳಸಿ, ಒಸಡಿನ ಅಂಚಿನ ಒಂದಿಷ್ಟು ಕೆಳಗಿನವರೆಗೆ ಇಳಿಸಿ, ಮೇಲೆ ಕೆಳಗೆ ನಾಲ್ಕೈದು ಸಲ ಒರೆಸು. ಆಮೇಲೆ ಅದೇ ಸಂದಿಯಲ್ಲಿ ಪಕ್ಕದ ಹಲ್ಲಿಗೆ ಬಳಸಿ ಇನ್ನೊಮ್ಮೆ. ಒಂದು ಸಂದಿಯಲ್ಲಿ ಎರಡು ಗೋಡೆ ಇವೆ ಎನ್ನುವುದನ್ನೇ ಜನ ಮರೆಯುತ್ತಾರೆ. ಮುಂದಿನ ಸಂದಿಗೆ ಹೋಗುವಾಗ ಬೆರಳಿನಿಂದ ಹೊಸ ದಾರ ಬಿಚ್ಚಿಕೋ.

ಬಲಗಡೆ ಮೇಲಿನ ದವಡೆ ಹಲ್ಲಿನ ಹತ್ತಿರ ಪ್ರತಿಸಲ ದಾರ ಹಿಂಜಿ ಎಳೆ ಎಳೆಯಾಗಿ ಬರುತ್ತದೆ ಅಂದೆಯಲ್ಲ, ಅದನ್ನು ಫ್ಲಾಸಿನ ತಪ್ಪು ಅಂದುಕೊಳ್ಳಬೇಡ. ಒಂದೇ ಜಾಗದಲ್ಲಿ ದಿನಾ ಹಿಂಜಿದರೆ ಅಲ್ಲೇನೋ ಒರಟಾಗಿದೆ ಎಂದು ಅರ್ಥ. ಹಲ್ಲಿನ ಅಂಚು ದಾಟಿ ಚಾಚಿದ ಫಿಲ್ಲಿಂಗ್ ಇರಬಹುದು, ಗಟ್ಟಿ ಗಾರೆ ಕಟ್ಟಿರಬಹುದು, ಹುಳುಕಿನ ಗುಳಿ ಶುರುವಾಗಿರಬಹುದು. ನಿನಗೆ ಆ ಹಲ್ಲಿಗೆ ಎರಡು ವರ್ಷದ ಹಿಂದೆ ಫಿಲ್ಲಿಂಗ್ ಆಗಿದೆ, ಹಾಗಾಗಿ ನನ್ನ ಅನುಮಾನ ಅದರ ಮೇಲೆ. ಡಾಕ್ಟರಿಗೆ ಜಾಗ ತೋರಿಸಿ "ಇಲ್ಲೇ ದಾರ ಹಿಂಜುತ್ತದೆ" ಅನ್ನು. ಎಕ್ಸ್‌ರೇ ತೆಗೆದು ನೋಡುತ್ತಾರೆ. ಫಿಲ್ಲಿಂಗ್ ಸ್ವಲ್ಪ ಮಾತ್ರ ಚಾಚಿದ್ದರೆ ಉಜ್ಜಿ ನಯ ಮಾಡುತ್ತಾರೆ, ಹೆಚ್ಚಾಗಿದ್ದರೆ ಬದಲಾಯಿಸಬೇಕಾಗುತ್ತದೆ. ಅಲ್ಲಿಯತನಕ ಆ ಸಂದಿಗೆ ಮೇಣ ಹಚ್ಚಿದ ಫ್ಲಾಸ್ ಬಳಸು, ಅದು ಜಾರುತ್ತದೆ, ಬೇಗ ಹಿಂಜುವುದಿಲ್ಲ.

ಈಗ ನಿಮ್ಮಪ್ಪನ ವಿಷಯ. ಅವರಿಗೆ ಸಕ್ಕರೆ ಕಾಯಿಲೆ ಇದೆ, ಒಸಡಿನ ಚಿಕಿತ್ಸೆಯೂ ಆಗಿದೆ. ಗಾರೆ ತೆಗೆಸಿಕೊಂಡ ತಿಂಗಳಿಗೆ ಫೋನ್ ಮಾಡಿ, "ಕ್ಲೀನ್ ಮಾಡಿಸಿದ ಮೇಲೆ ಹಲ್ಲಿನ ನಡುವೆ ಕಿಂಡಿ ಬಿದ್ದಿದೆ, ಮಾಡಿಸಬಾರದಿತ್ತು" ಎಂದು ಬೇಜಾರು ಮಾಡಿಕೊಂಡರು. ಈ ಮಾತನ್ನು ಸಾವಿರ ಬಾಯಲ್ಲಿ ಕೇಳಿದ್ದೇನೆ. ಕಿಂಡಿ ಮೊದಲೇ ಇತ್ತು. ಅದರಲ್ಲಿ ಗಾರೆ ತುಂಬಿತ್ತು, ಊದಿಕೊಂಡ ಒಸಡು ಅದನ್ನು ಮುಚ್ಚಿತ್ತು. ಗಾರೆ ಹೋಗಿ ಊತ ಇಳಿದ ಮೇಲೆ ಇದ್ದದ್ದು ಕಂಡಿತು, ಅಷ್ಟೇ.

ಅಂಥ ಕಿಂಡಿಯಲ್ಲಿ ದಾರ ಸೋಲುತ್ತದೆ. ಒಸಡು ಇಳಿದಾಗ ಬಯಲಾಗುವುದು ಹಲ್ಲಿನ ಬೇರು, ಬೇರಿನ ಬದಿ ಮಟ್ಟಸವಾಗಿರುವುದಿಲ್ಲ. ಮೇಲಿನ ಕೋರೆಹಲ್ಲಿನ ಹಿಂದಿನ ಹಲ್ಲನ್ನು ತೆಗೆದುಕೋ. ಕೋರೆಹಲ್ಲಿನ ಕಡೆಗಿರುವ ಅದರ ಬದಿಯಲ್ಲಿ ಉದ್ದಕ್ಕೂ ಒಂದು ಹಳ್ಳವಿದೆ. ಬಿಗಿಯಾಗಿ ಎಳೆದ ದಾರ ಹಳ್ಳದ ಎರಡು ದಡದ ಮೇಲೆ ಹಾದು ಹೋಗುತ್ತದೆ, ಒಳಗಿನದು ಹಾಗೇ ಉಳಿಯುತ್ತದೆ. ದವಡೆ ಹಲ್ಲಿನ ಬೇರುಗಳಲ್ಲೂ ಇಂಥ ಹಳ್ಳಗಳಿವೆ. ಅಲ್ಲಿ ಬೇಕಾದದ್ದು ಇಂಟರ್‌ಡೆಂಟಲ್ ಬ್ರಷ್, ಸಣ್ಣ ತಂತಿಯ ಸುತ್ತ ಎಳೆಗಳಿರುವ, ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂಥದ್ದು. ಅದರ ಎಳೆಗಳು ಬಾಗಿ ಹಳ್ಳದೊಳಕ್ಕೆ ಇಳಿಯುತ್ತವೆ.

ಈ ಬ್ರಷ್ಷಿನಲ್ಲಿ ಅಳತೆಯೇ ಎಲ್ಲ. ಅಂತರರಾಷ್ಟ್ರೀಯ ಅಳತೆಯಲ್ಲಿ 0ಯಿಂದ 8ರವರೆಗೆ ನಂಬರುಗಳಿವೆ. 0 ನಂಬರಿನದು 0.6 ಮಿಲಿಮೀಟರ್ ಅಥವಾ ಅದಕ್ಕಿಂತ ಸಣ್ಣ ಕಿಂಡಿಯಲ್ಲಿ ಹಾಯುವಂಥದ್ದು, ನಂಬರು ಏರಿದಂತೆ ದಪ್ಪ. ಬಣ್ಣ ನೋಡಿ ಕೊಳ್ಳಬೇಡ, ಒಂದು ಕಂಪನಿಯ ಹಳದಿ ಇನ್ನೊಂದು ಕಂಪನಿಯ ಹಳದಿ ಅಲ್ಲ. ನಿಮ್ಮಪ್ಪನಿಗೆ ನಾನು ಅಳತೆ ನೋಡಿದ್ದು ಹೀಗೆ. ಕನ್ನಡಿ ಮುಂದೆ ಕೂರಿಸಿ, ಎಲ್ಲಕ್ಕಿಂತ ಸಣ್ಣದರಿಂದ ಶುರುಮಾಡಿ ಒಂದೊಂದೇ ಹೆಚ್ಚಿಸುತ್ತ ಹೋದೆ. ಆಡಿಸುವಾಗ ಎಳೆಗಳು ಎರಡೂ ಹಲ್ಲನ್ನು ತಾಗಿ ಸ್ವಲ್ಪ ತಡೆದಂತಾಗಬೇಕು, ತಂತಿ ಮಾತ್ರ ಹಲ್ಲಿಗೆ ಉಜ್ಜಬಾರದು. ಏನೂ ತಾಗದೆ ಸಲೀಸಾಗಿ ಹೋಗಿ ಬಂದರೆ ಅದು ಸಣ್ಣದಾಯಿತು, ಶುಚಿಯೂ ಆಗಲಿಲ್ಲ. ಬಗ್ಗಿಸಿ ಒತ್ತಬೇಕಾಗಿ ಬಂದರೆ ಅದು ದಪ್ಪ. ಅವರ ಕೆಳಗಿನ ಮುಂದಿನ ಹಲ್ಲುಗಳಿಗೆ 1ನೇ ನಂಬರು ಹೊಂದಿತು, ದವಡೆ ಹಲ್ಲುಗಳಿಗೆ 4 ಬೇಕಾಯಿತು. ಎಡಗಡೆ ಎರಡು ಸಂದಿಗೆ ಮಾತ್ರ ಯಾವ ಬ್ರಷ್ಷೂ ಹೋಗಲಿಲ್ಲ, ಅಲ್ಲಿ ಇವತ್ತಿಗೂ ದಾರ. ಒಂದೇ ಬಾಯಿಗೆ ಮೂರು ಸಾಧನ!

ಬಳಸುವಾಗ ಪೇಸ್ಟ್ ಬೇಡ, ನೀರಲ್ಲಿ ಅದ್ದಿದರೆ ಸಾಕು. ಒಸಡಿನ ಅಂಚಿನಲ್ಲೇ ನೇರವಾಗಿ ತೂರಿಸಿ ಐದಾರು ಸಲ ಪೂರ್ತಿ ಹಿಂದೆ ಮುಂದೆ ಆಡಿಸಬೇಕು. ದವಡೆ ಕಡೆಗೆ ತಂತಿಯನ್ನು ತುಸು ಬಾಗಿಸಿಕೊಂಡರೆ, ಬಾಯಿ ಅಗಲ ತೆರೆಯದೆ ಅರ್ಧ ಮುಚ್ಚಿದರೆ ಕೆನ್ನೆ ಸಡಿಲವಾಗಿ ಕೈ ಸಲೀಸಾಗಿ ಹೋಗುತ್ತದೆ. ತೊಳೆದಿಟ್ಟರೆ ಅದೇ ಬ್ರಷ್ಷನ್ನು ಒಂದೆರಡು ವಾರ ಬಳಸಬಹುದು, ಎಳೆ ಉದುರಿದರೆ ಅಥವಾ ತಂತಿ ಮುರುಟಿದರೆ ಅವತ್ತೇ ಬಿಸಾಡಬೇಕು. ಹಲ್ಲಿನ ಇಂಪ್ಲಾಂಟ್ ಇರುವವರು ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇರುವುದನ್ನೇ ಕೊಳ್ಳಬೇಕು. ನೀನು ಮಾತ್ರ ಅಪ್ಪನ ಬ್ರಷ್ಷನ್ನು ನೋಡಿ ಆಸೆಪಟ್ಟು ನಿನ್ನ ಬಿಗಿ ಸಂದಿಗೆ ತುರುಕಬೇಡ. ತುಂಬಿರುವ ಒಸಡಿನ ತುದಿಯನ್ನು ದಿನಾ ಒತ್ತಿ ಗಾಯ ಮಾಡಿದರೆ, ಇಲ್ಲದ ಕಿಂಡಿಯನ್ನು ನೀನೇ ಮಾಡಿಕೊಂಡಂತೆ.

ಇನ್ನು ನಿನ್ನ ಮಷೀನು. 1962ರಲ್ಲಿ ಅಮೆರಿಕದ ಕೊಲೊರಾಡೋದ ಫೋರ್ಟ್ ಕಾಲಿನ್ಸ್ ಎಂಬ ಊರಿನಲ್ಲಿ ಒಬ್ಬ ದಂತವೈದ್ಯರೂ ಒಬ್ಬ ಎಂಜಿನಿಯರೂ ಸೇರಿ ಮಾಡಿದ ಸಾಧನದಿಂದ ಇದರ ಸಂತತಿ ಶುರು. ನೀರು ಒಂದೇ ಧಾರೆಯಾಗಿ ಬರದೆ ಮಿಡಿಯುತ್ತ ಬರುತ್ತದೆ. ಅಂಟದ ಕೊಳೆಯನ್ನು, ಆಹಾರದ ಚೂರನ್ನು, ಒಸಡಿನ ಅಂಚಿನಲ್ಲಿ ನಿಂತದ್ದನ್ನು ಅದು ಚೆನ್ನಾಗಿ ತೊಳೆಯುತ್ತದೆ. ಬಳಸಿದವರಲ್ಲಿ ಒಸಡಿನ ರಕ್ತ ಕಡಿಮೆಯಾಗುವುದನ್ನೂ ಕಂಡಿದ್ದೇನೆ. ಆದರೆ ಆ ಅಂಟಿದ ಪದರವನ್ನು ಒರೆಸಿ ತೆಗೆಯುವ ವಿಚಾರದಲ್ಲಿ ಅದರ ಮೇಲೆ ನನಗೆ ಪೂರ್ತಿ ಭರವಸೆ ಇಲ್ಲ. 2019ರಲ್ಲಿ ಕಾಕ್ರೇನ್ ಸಂಸ್ಥೆಯವರು 35 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬರೀ ಹಲ್ಲುಜ್ಜುವುದಕ್ಕಿಂತ ಅದರ ಜೊತೆಗೆ ಫ್ಲಾಸ್ ಅಥವಾ ಸಂದಿ ಬ್ರಷ್ ಸೇರಿಸಿದರೆ ಒಸಡಿನ ಉರಿಯೂತ ಕಡಿಮೆಯಾಗಬಹುದು, ಎರಡರಲ್ಲಿ ಸಂದಿ ಬ್ರಷ್ ಒಂದು ಕೈ ಮೇಲಿರಬಹುದು ಎಂದು ಕಂಡಿತು. ಆಧಾರ ಅಷ್ಟೇನೂ ಗಟ್ಟಿಯಲ್ಲ ಎಂದೂ ಅವರೇ ಬರೆದಿದ್ದಾರೆ, ಆ ಪ್ರಯೋಗಗಳೆಲ್ಲ ಹೆಚ್ಚಾಗಿ ಕಡಿಮೆ ಅವಧಿಯವು.

ಹಾಗಂತ ಮಷೀನನ್ನು ಅಟ್ಟಕ್ಕೆ ಹಾಕಬೇಕಿಲ್ಲ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ನಿನ್ನ ತಮ್ಮನಿಗೆ ಅದು ತುಂಬ ಉಪಯೋಗ, ತಂತಿಯ ಹಿಂದೆ ದಾರ ನುಗ್ಗಿಸುವುದು ಅವನಿಗೆ ದಿನಾ ಆಗದ ಕೆಲಸ. ಬ್ರಿಡ್ಜ್ ಹಾಕಿಸಿಕೊಂಡವರಿಗೆ, ಕೈನಡುಕ ಬಂದ ಹಿರಿಯರಿಗೆ ಕೂಡ ಒಳ್ಳೆಯದು. ಬಳಸುವಾಗ ಉಗುರುಬೆಚ್ಚಗಿನ ನೀರು ಹಾಕಿ, ಎಲ್ಲಕ್ಕಿಂತ ಕಡಿಮೆ ಒತ್ತಡದಿಂದ ಶುರುಮಾಡಬೇಕು. ತುದಿಯನ್ನು ಬಾಯೊಳಗೆ ಇಟ್ಟ ಮೇಲೇ ಸ್ವಿಚ್ ಒತ್ತಿ, ಬೇಸಿನ್ ಮೇಲೆ ಬಗ್ಗಿ, ತುಟಿ ಸಡಿಲ ಬಿಟ್ಟು ನೀರು ತಾನಾಗಿ ಹೊರಗೆ ಬೀಳಲು ಬಿಡಬೇಕು. ಧಾರೆ ಹಲ್ಲಿಗೆ ಅಡ್ಡವಾಗಿ ಬೀಳಬೇಕು, ಒಸಡಿನ ಕೆಳಕ್ಕೆ ಗುರಿಯಿಡಬಾರದು. ನಿಮ್ಮ ಅಪಾರ್ಟ್‌ಮೆಂಟಿನದು ಬೋರ್‌ವೆಲ್ ನೀರಾದರೆ ಫಿಲ್ಟರ್ ನೀರನ್ನೇ ಹಾಕು, ಇಲ್ಲದಿದ್ದರೆ ನಲ್ಲಿ ತುದಿಯಲ್ಲಿ ಕಟ್ಟುವ ಬಿಳಿ ಕಲೆ ಅದರ ಸಣ್ಣ ತೂತಲ್ಲೂ ಕಟ್ಟುತ್ತದೆ. ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ ಒಣಗಿಸಿಡು.

ಹಾಗಾದರೆ ನೀನು ಮಾಡಬೇಕಾದದ್ದು: ರಾತ್ರಿ ಮಲಗುವ ಮುಂಚೆ, ಹಲ್ಲುಜ್ಜುವ ಮೊದಲು ಎಲ್ಲ ಸಂದಿಗೂ ಫ್ಲಾಸ್. ಮಷೀನು ಬೇಕೆನಿಸಿದರೆ ಅದರ ಜೊತೆಗೆ, ಬದಲಿಗೆ ಅಲ್ಲ. ಮೊದಲ ಕೆಲವು ದಿನ ದಾರದಲ್ಲಿ ರಕ್ತ ಕಂಡರೆ ಹೆದರಿ ನಿಲ್ಲಿಸಬೇಡ, ರಕ್ತ ಬರುತ್ತಿರುವುದು ಅಲ್ಲಿ ಮೊದಲೇ ಊತ ಇದ್ದದ್ದಕ್ಕೆ. ಸರಿಯಾಗಿ ಒರೆಸುತ್ತಿದ್ದರೆ ಒಂದೆರಡು ವಾರದೊಳಗೆ ಅದು ನಿಲ್ಲಬೇಕು. ಆಮೇಲೂ ಒಂದೇ ಸಂದಿಯಲ್ಲಿ ರಕ್ತ ಬಂದರೆ, ಅಥವಾ ಆ ದಾರ ಮೂಸಿದಾಗ ಅಲ್ಲೊಂದೇ ಕಡೆ ಕೆಟ್ಟ ವಾಸನೆ ಇದ್ದರೆ, ದಿನಾಂಕ ಬರೆದಿಟ್ಟುಕೊಂಡು ಡಾಕ್ಟರ ಹತ್ತಿರ ಹೋಗು. ಆ ಫಿಲ್ಲಿಂಗನ್ನು ಮಾತ್ರ ಅಷ್ಟು ದಿನ ಕಾಯಿಸಬೇಡ, ಈ ವಾರವೇ ತೋರಿಸು. ಎಕ್ಸ್‌ರೇ ಕೈಗೆ ಸಿಕ್ಕಿದ ಕೂಡಲೇ ನನಗೆ ವಾಟ್ಸಾಪ್ ಮಾಡು.