ಎರಡು ಸಾವಿರದ ನೋಟು ಮತ್ತು ನಿನ್ನ ಕರಡು

ತಮ್ಮಾ, ನಿನ್ನ ಫ್ಯಾಕ್ಟ್‌ಚೆಕ್ ಕರಡು ಓದಿದೆ. ಬರವಣಿಗೆ ಚೆನ್ನಾಗಿದೆ. ಆದರೆ ಪ್ರಕಟಣೆಗೆ ಇನ್ನೂ ತಯಾರಾಗಿಲ್ಲ.

ಮೊದಲು ಸುದ್ದಿಯನ್ನೇ ನೋಡು. ವಾಟ್ಸಾಪ್‌ನಲ್ಲಿ ಓಡಾಡಿದ್ದು ‘ಅಕ್ಟೋಬರ್ ನಂತರ 2000ದ ನೋಟು ಬರೀ ಕಾಗದ’ ಎಂಬ ಮಾತು. ನೀನು ಬರೆದಿರುವುದು ‘ಸರ್ಕಾರ ರಾತ್ರೋರಾತ್ರಿ ನೋಟು ಬ್ಯಾನ್ ಮಾಡಿದೆ ಎಂಬ ವದಂತಿ’ ಎಂದು. ಹಾಗೆ ಯಾರೂ ಹೇಳಿಲ್ಲ. ಎದುರಾಳಿಯ ಬಾಯಿಗೆ ದೊಡ್ಡ ಮಾತು ತುರುಕಿ ಅದನ್ನು ಬೀಳಿಸುವುದು ಸುಲಭ, ಆದರೆ ಆ ಸಂದೇಶ ನಂಬಿದವನಿಗೆ ನೀನು ಉತ್ತರ ಕೊಟ್ಟಂತಾಗುವುದಿಲ್ಲ. ಅವನ ವಾಕ್ಯವನ್ನು ಇದ್ದಂತೆಯೇ ಎತ್ತಿ ಹಾಕು. ಅವನಿಗೆ ಹಾಗೆ ಅನ್ನಿಸಲು ಕಾರಣವೂ ಇತ್ತು: 2023ರ ಅಕ್ಟೋಬರ್ 7 ಕಳೆದ ಮೇಲೆ ಬ್ಯಾಂಕ್ ಶಾಖೆಗಳು ಆ ನೋಟು ತೆಗೆದುಕೊಳ್ಳುವುದನ್ನು ನಿಲ್ಲಿಸಿದವು. ಅಂಗಡಿಯವರಂತೂ ಅದಕ್ಕೂ ಮುಂಚೆಯೇ ಮುಖ ತಿರುಗಿಸಿದ್ದರು. ಇದನ್ನು ಬರೆಯದಿದ್ದರೆ ಕ್ಯೂನಲ್ಲಿ ನಿಂತು ವಾಪಸ್ ಬಂದವನು ನಿನ್ನನ್ನೇ ಸುಳ್ಳುಗಾರ ಅನ್ನುತ್ತಾನೆ.

ಇನ್ನು ಪುರಾವೆ. ‘ರಿಸರ್ವ್ ಬ್ಯಾಂಕ್ ಸ್ಪಷ್ಟಪಡಿಸಿದೆ’ ಎಂದಿದ್ದೀಯ. ಯಾವಾಗ, ಯಾವ ಕಾಗದದಲ್ಲಿ? ನೀನು ಕೊಟ್ಟ ಕೊಂಡಿ ಒತ್ತಿದರೆ ಬ್ಯಾಂಕಿನ ಮುಖಪುಟ ತೆರೆಯುತ್ತದೆ. ಓದುಗ ಅಲ್ಲಿ ಏನು ಹುಡುಕಬೇಕು? ನೋಟನ್ನು ಚಲಾವಣೆಯಿಂದ ಹಿಂತೆಗೆಯುವ ಪ್ರಕಟಣೆ ಬಂದದ್ದು 2023ರ ಮೇ 19ರಂದು, ಬದಲಾಯಿಸಿಕೊಳ್ಳಲು ಸೆಪ್ಟೆಂಬರ್ 30ರ ಗಡುವು ಅದರಲ್ಲೇ ಇದೆ. ಗಡುವನ್ನು ಅಕ್ಟೋಬರ್ 7ಕ್ಕೆ ಮುಂದೂಡಿದ್ದು ಸೆಪ್ಟೆಂಬರ್ 30ರ ಇನ್ನೊಂದು ಪ್ರಕಟಣೆ. ನೀನು ಮೇ ತಿಂಗಳದ್ದನ್ನು ಮಾತ್ರ ಇಟ್ಟುಕೊಂಡು ಅಕ್ಟೋಬರಿನ ಪ್ರಶ್ನೆಗೆ ಉತ್ತರಿಸಿದ್ದೀಯ. ನೋಟು ಕಾನೂನುಬದ್ಧವಾಗಿಯೇ ಉಳಿಯುತ್ತದೆ ಎಂಬ ಮಾತು ಎರಡರಲ್ಲೂ ಇದೆ. ಗಡುವು ಮುಗಿದ ಮೇಲೆ ರಿಸರ್ವ್ ಬ್ಯಾಂಕಿನ 19 ಕಚೇರಿಗಳಲ್ಲಿ ಬದಲಾಯಿಸಬಹುದು, ಅಂಚೆಯಲ್ಲೂ ಕಳಿಸಬಹುದು ಎಂಬುದು ಎರಡನೆಯದರಲ್ಲಿದೆ. ಬೆಂಗಳೂರಿನವರಿಗೆ ನೃಪತುಂಗ ರಸ್ತೆಯ ಕಚೇರಿ ಇದೆ ಎಂದೂ ಸೇರಿಸು. ಎರಡೂ ಪ್ರಕಟಣೆಗಳ ನೇರ ಕೊಂಡಿ, ತಾರೀಕು ಹಾಕು. ಟಿವಿ ಪರದೆಯ ಫೋಟೊ ಪುರಾವೆಯಲ್ಲ, ತೆಗೆದುಬಿಡು. ಆ ವಾಟ್ಸಾಪ್ ಸಂದೇಶ ಫೇಸ್‌ಬುಕ್‌ನಲ್ಲೂ ಇದ್ದರೆ ಅದರ ಆರ್ಕೈವ್ ಪ್ರತಿ ಈಗಲೇ ಉಳಿಸಿಕೋ. ನಾಳೆ ಅಳಿಸಿಹಾಕಿದರೆ ನೀನು ಯಾವುದಕ್ಕೆ ಉತ್ತರ ಕೊಟ್ಟೆ ಎಂದು ತೋರಿಸಲು ಏನೂ ಇರುವುದಿಲ್ಲ.

ತೀರ್ಪಿನ ಪಟ್ಟಿಯಲ್ಲಿ ‘ದಾರಿ ತಪ್ಪಿಸುವಂಥದ್ದು’ ಎಂದಿದೆ, ಕೊನೆಯ ಪ್ಯಾರಾದಲ್ಲಿ ‘ಸಂಪೂರ್ಣ ಸುಳ್ಳು’. ಎರಡೂ ಒಟ್ಟಿಗೆ ಆಗುವುದಿಲ್ಲ. ನಿಜವಾದ ಸಂಗತಿಯನ್ನೇ ತಿರುಚಿ ಬೇರೆ ಅರ್ಥ ಬರುವಂತೆ ಇಟ್ಟಾಗ ಮೊದಲನೆಯ ಹೆಸರು. ‘ಬರೀ ಕಾಗದ’ ಎಂದರೆ ಬೆಲೆಯೇ ಇಲ್ಲ ಎಂದರ್ಥ. ಬೆಲೆ ಇದೆ ಎಂದು ನಿನ್ನ ಪುರಾವೆಯೇ ಹೇಳುತ್ತಿರುವಾಗ ಅದು ‘ಸುಳ್ಳು’. ಆದರೆ ‘ಸಂಪೂರ್ಣ’ ತೆಗೆ. ಅದು ನಿನ್ನ ಸಿಟ್ಟು, ತೀರ್ಪಲ್ಲ. ಅದೇ ಸಂದೇಶ ‘ಇನ್ನು ಬ್ಯಾಂಕ್ ಶಾಖೆಯಲ್ಲಿ ಬದಲಾಯಿಸಿ ಕೊಡಲ್ಲ’ ಎಂದಷ್ಟೇ ಹೇಳಿದ್ದರೆ ನಾವು ‘ನಿಜ’ ಎಂದೇ ಬರೆಯಬೇಕಾಗಿತ್ತು. ಶೀರ್ಷಿಕೆ, ಪಟ್ಟಿ, ಕೊನೆಯ ಪ್ಯಾರಾ ಮೂರರಲ್ಲೂ ಒಂದೇ ತೀರ್ಪು ಇರುವಂತೆ ತಿದ್ದಿ ಸಂಜೆಯೊಳಗೆ ಕಳಿಸು. ಕೊಂಡಿಗಳನ್ನು ನಾನೇ ಒಂದೊಂದಾಗಿ ಒತ್ತಿ ನೋಡುತ್ತೇನೆ.